ಅಂಬಾರಗೋಡ್ಲು ಸೇತುವೆ ಪ್ರಾಜೆಕ್ಟೋ, ಪ್ರೋಗ್ರಾಮೋ?

ಪ್ರಶ್ನೆ: ಸರ್, ನಾನು ತುಮರಿ ಕಡೆಯವಳು. ಶಿವಮೊಗ್ಗದಲ್ಲಿ ಎಂಬಿಎ ಮೊದಲ ಸೆಮಿಸ್ಟರ್ ಓದುತ್ತಿದ್ದೇನೆ. ಪ್ರೋಗ್ರಾಮಿಗೆ ಒಂದು ಉದಾಹರಣೆ ಕೊಡಿ ಎಂದು ತರಗತಿಯಲ್ಲಿ ಕೇಳಿದಾಗ ನಮ್ಮ ಹಿನ್ನೀರಿನ ಹೊಸ ಸೇತುವೆಯನ್ನು ಹೇಳಿದೆ. ಅಷ್ಟು ದೊಡ್ಡದು ಬರೀ ಪ್ರಾಜೆಕ್ಟ್ ಹೇಗಾದೀತು ಎಂದುಕೊಂಡಿದ್ದೆ. ತಪ್ಪು ಎಂದರು. ಪೋರ್ಟ್‌ಫೋಲಿಯೊ ಅಂತೂ ನನಗೆ ಅರ್ಥವೇ ಆಗಿಲ್ಲ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೂರೂ ‘ಯೋಜನೆ’ಯೇ. ವ್ಯತ್ಯಾಸವನ್ನು ಬಿಡಿಸಿ ಹೇಳುತ್ತೀರಾ?

ಉತ್ತರ: ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ಆ ‘ಯೋಜನೆ’ ಎಂಬ ಪದವೇ. ಪಂಚವಾರ್ಷಿಕ ಯೋಜನೆ ಎಂದಾಗ ಅದು ಮುಂದಿನ ಐದು ವರ್ಷಗಳ ಲೆಕ್ಕಾಚಾರ. ಪಿಂಚಣಿ ಯೋಜನೆ ಎಂದಾಗ ವರ್ಷ ವರ್ಷ ನಡೆಯುವ ಸೌಲಭ್ಯ. ಶರಾವತಿ ಯೋಜನೆ ಎಂದಾಗ ಅಣೆಕಟ್ಟು, ವಿದ್ಯುದಾಗಾರ, ಮುಳುಗಿದ ಊರು ಎಲ್ಲವೂ ಸೇರಿ ಒಂದು. ನಾವು ಒಂದೇ ಚೀಲಕ್ಕೆ ಇಷ್ಟನ್ನೂ ತುಂಬಿಟ್ಟಿದ್ದೇವೆ. ಆದ್ದರಿಂದ ಈ ಉತ್ತರದಲ್ಲಿ ಆ ಪದವನ್ನು ಆದಷ್ಟು ದೂರವಿಟ್ಟು, ಪ್ರಾಜೆಕ್ಟ್, ಪ್ರೋಗ್ರಾಂ, ಪೋರ್ಟ್‌ಫೋಲಿಯೊ ಎಂದೇ ಬರೆಯುತ್ತೇನೆ.

ಇನ್ನರ್ಧ ಕಾರಣ ಗಾತ್ರದ ಮೋಹ. ಚಿಕ್ಕದು ಪ್ರಾಜೆಕ್ಟ್, ದೊಡ್ಡದು ಪ್ರೋಗ್ರಾಂ, ಇನ್ನೂ ದೊಡ್ಡದು ಪೋರ್ಟ್‌ಫೋಲಿಯೊ ಎಂದು ಎಷ್ಟೋ ನೋಟ್ಸ್‌ಗಳಲ್ಲಿ ಮೆಟ್ಟಿಲಿನ ಚಿತ್ರ ಬರೆದಿರುತ್ತಾರೆ. ಗಾತ್ರದಿಂದ ಏನೂ ತೀರ್ಮಾನವಾಗುವುದಿಲ್ಲ. ಹತ್ತು ಲಕ್ಷದ ಪ್ರೋಗ್ರಾಂ ಇರಬಹುದು, ಸಾವಿರ ಕೋಟಿಯ ಪ್ರಾಜೆಕ್ಟ್ ಇರಬಹುದು. ನಾನು ವಿದ್ಯಾರ್ಥಿಗಳಿಗೆ ಮೊದಲು ಕಲಿಸುವುದು ಒಂದು ಪ್ರಶ್ನೆಯನ್ನು: ಈ ಕೆಲಸ ‘ಮುಗಿಯಿತು’ ಎಂದು ಯಾವಾಗ ಹೇಳುತ್ತೀರಿ? ಇದಕ್ಕೆ ಸಿಗುವ ಉತ್ತರದಲ್ಲಿ ಮೂರೂ ಬೇರೆಬೇರೆಯಾಗಿ ನಿಲ್ಲುತ್ತವೆ.

ನಿಮ್ಮ ಸೇತುವೆಯಿಂದಲೇ ಹೊರಡೋಣ. 2018ರಲ್ಲಿ ಶಂಕುಸ್ಥಾಪನೆಯಾಯಿತು, 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಅಂಬಾರಗೋಡ್ಲಿನ ದಡದಿಂದ ಕಳಸವಳ್ಳಿಯ ದಡಕ್ಕೆ, ಶರಾವತಿಯ ಹಿನ್ನೀರಿನ ಮೇಲೆ, ಎರಡು ಕಿಲೋಮೀಟರಿಗೂ ಮೀರಿದ ಕೇಬಲ್ ಸೇತುವೆ. ಅಷ್ಟು ಆಳದ ನೀರಿನಲ್ಲಿ ಕಂಬ ಎಬ್ಬಿಸುವುದು, ಮಳೆಗಾಲದ ಗಾಳಿಯಲ್ಲಿ ಕೇಬಲ್ ಬಿಗಿಯುವುದು ಸುಲಭದ ಕೆಲಸವೇನಲ್ಲ. ಆದರೂ ಇದು ಪ್ರಾಜೆಕ್ಟ್. ಏನು ಕಟ್ಟಿಕೊಡಬೇಕು ಎಂಬುದು ಮೊದಲೇ ನಕ್ಷೆಯಲ್ಲಿತ್ತು. ಇಷ್ಟು ಹಣ, ಇಷ್ಟು ಅವಧಿ, ಇಷ್ಟು ಭಾರ ತಡೆಯಬೇಕು ಎಂಬ ಕರಾರಿತ್ತು. ಈ ಕೆಲಸಕ್ಕೆಂದೇ ಎಂಜಿನಿಯರುಗಳ, ಕಾರ್ಮಿಕರ ತಂಡ ಕೂಡಿತು. ಕೆಲಸ ಮುಗಿದ ಮೇಲೆ ಕ್ರೇನು, ಶೆಡ್ಡು, ಜನ ಎಲ್ಲರೂ ಮುಂದಿನ ಕೆಲಸಕ್ಕೆ ಹೋದರು. ಕೂಡಿ ಚದುರುವ ಈ ತಾತ್ಕಾಲಿಕತೆ ಮತ್ತು ಮೊದಲೇ ಗೊತ್ತುಮಾಡಿದ ಒಂದು ವಸ್ತು, ಇವೆರಡು ಇದ್ದರೆ ಅದು ಪ್ರಾಜೆಕ್ಟ್. ವಸ್ತುವನ್ನು ಕರಾರಿನಂತೆ ಒಪ್ಪಿಸಿದ ದಿನ ಪ್ರಾಜೆಕ್ಟ್ ಮುಗಿಯಿತು. ಅದರ ಮ್ಯಾನೇಜರನನ್ನು ಅಳೆಯುವುದೂ ಅಷ್ಟರಿಂದಲೇ.

ಈಗ ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಅವರಿಗೆ ಬೇಕಾಗಿದ್ದದ್ದು ಏನು ಎಂದು. ಕಾಂಕ್ರೀಟು, ಕೇಬಲ್ಲು ಬೇಕಿತ್ತು ಎಂದು ಅವರು ಹೇಳಲಾರರು. ಹಿನ್ನೀರು ದಾಟಿಸುವ ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ಸಾಗರದ ಆಸ್ಪತ್ರೆಗೆ ಹೊತ್ತಿಗೆ ಮುಟ್ಟಬೇಕು, ಇದು ಅವರಿಗೆ ಬೇಕಾಗಿದ್ದದ್ದು. ಇದು ಸೇತುವೆಯೊಂದರಿಂದ ಆಗುವುದಿಲ್ಲ. ಸೇತುವೆಯಿಂದ ಊರೊಳಗಿನವರೆಗೆ ಮಳೆಗಾಲದಲ್ಲೂ ಓಡಾಡಬಹುದಾದ ರಸ್ತೆ ಬೇಕು. ರಾತ್ರಿ ಕರೆದರೆ ಬರುವ ಆಂಬುಲೆನ್ಸ್ ಬೇಕು. ಕರೆಯಲು ಮೊಬೈಲ್ ಸಿಗ್ನಲ್ ಬೇಕು. ಈ ಒಂದೊಂದೂ ಬೇರೆ ಇಲಾಖೆಯ, ಬೇರೆ ಗುತ್ತಿಗೆಯ, ಬೇರೆ ಪ್ರಾಜೆಕ್ಟ್. ಇವೆಲ್ಲವನ್ನೂ ಒಂದೇ ಫಲದ ಕಡೆಗೆ ತಿರುಗಿಸಿ, ಒಂದಕ್ಕೊಂದು ಹೊಂದಿಸಿ ನಡೆಸಿದರೆ ಅದು ಪ್ರೋಗ್ರಾಂ. ಪ್ರೋಗ್ರಾಂ ಮುಗಿಯುವುದು ಬಯಸಿದ ಫಲ ಕೈಗೆ ಬಂದಾಗ. ತರಗತಿಯಲ್ಲಿ ನೀವು ‘ಸೇತುವೆ’ ಎನ್ನುವ ಬದಲು ‘ಹಿನ್ನೀರಿನಾಚೆಯ ಊರುಗಳನ್ನು ಆಸ್ಪತ್ರೆಗೆ ಹತ್ತಿರ ತರುವ ಕೆಲಸ’ ಎಂದಿದ್ದರೆ ಪೂರ್ತಿ ಅಂಕ ಕೊಡಬೇಕಾಗುತ್ತಿತ್ತು.

ಪ್ರೋಗ್ರಾಮಿನ ನಿಜವಾದ ಲಾಭ ಎಲ್ಲಿದೆ ಎಂಬುದಕ್ಕೆ ಅದೇ ನದಿಯಲ್ಲಿ ಇನ್ನೂ ಒಳ್ಳೆಯ ಉದಾಹರಣೆ ಇದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಬರೀ ಅಣೆಕಟ್ಟಿನಿಂದ ಬರುವುದು ನಿಂತ ನೀರು ಮಾತ್ರ. ಆ ನೀರು ತಲಕಳಲೆಯ ಸಮತೋಲನ ಜಲಾಶಯಕ್ಕೆ ಬರಬೇಕು, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಘಟ್ಟದ ಕೆಳಗಿಳಿದು ಶರಾವತಿ ವಿದ್ಯುದಾಗಾರದ ಟರ್ಬೈನುಗಳನ್ನು ತಿರುಗಿಸಬೇಕು, ಹುಟ್ಟಿದ ವಿದ್ಯುತ್ತು ತಂತಿಯ ಮೇಲೆ ದೂರದ ಊರುಗಳಿಗೆ ಹೋಗಬೇಕು. ಇವುಗಳಲ್ಲಿ ಒಂದು ತಡವಾದರೂ ಉಳಿದವು ಸುಮ್ಮನೆ ಕೂರುತ್ತವೆ. ಆ ವಿದ್ಯುದಾಗಾರದಲ್ಲಿ ಹತ್ತು ಘಟಕಗಳಿವೆ, ಒಟ್ಟು 1035 ಮೆಗಾವಾಟ್. ಹತ್ತನ್ನೂ ಒಂದೇ ಸಲ ಕೂರಿಸಲಿಲ್ಲ. ಮೊದಲ ಘಟಕಕ್ಕೂ ಕೊನೆಯದಕ್ಕೂ ನಡುವೆ ಹತ್ತು ವರ್ಷಕ್ಕೂ ಹೆಚ್ಚು ಅಂತರವಿದೆ. ಬೇಡಿಕೆ ಬೆಳೆದಂತೆ, ಹಣ ಒದಗಿದಂತೆ ಒಂದೊಂದಾಗಿ ಬಂದವು.

ನನಗೆ ಬಹಳ ಇಷ್ಟವಾದ ಭಾಗ ಇದರ ನಂತರದ್ದು. ಅಣೆಕಟ್ಟಿನಿಂದ ತಲಕಳಲೆಗೆ ಹೇಗೂ ನೀರು ಬಿಡಬೇಕಲ್ಲ, ಆ ನೀರು ಅಣೆಕಟ್ಟಿನ ಬುಡದಲ್ಲೇ ಒಮ್ಮೆ ಟರ್ಬೈನ್ ತಿರುಗಿಸಿ ಹೋಗಲಿ ಎಂದು ಅಲ್ಲಿ 55 ಮೆಗಾವಾಟಿನ ವಿದ್ಯುದಾಗಾರ ಬಂತು. ದೊಡ್ಡ ವಿದ್ಯುದಾಗಾರದಿಂದ ಹೊರಬಿದ್ದ ನೀರು ಹಾಗೆಯೇ ಸಮುದ್ರಕ್ಕೆ ಹೋಗುವ ಮುನ್ನ ಇನ್ನೊಮ್ಮೆ ದುಡಿಯಲಿ ಎಂದು ಕೆಳಗೆ ಗೇರುಸೊಪ್ಪದಲ್ಲಿ ಮತ್ತೊಂದು ಅಣೆಕಟ್ಟು, 240 ಮೆಗಾವಾಟಿನ ಮತ್ತೊಂದು ವಿದ್ಯುದಾಗಾರ ಬಂತು. ಒಂದೇ ನೀರು ಮೂರು ಕಡೆ ಬೆಳಕಾಗುತ್ತದೆ. ಗೇರುಸೊಪ್ಪದ ಕೆಲಸವನ್ನು ಒಂಟಿಯಾಗಿ ಲೆಕ್ಕ ಹಾಕಿ ನೋಡಿ. ಮೇಲಿನ ವಿದ್ಯುದಾಗಾರವು ಬೇಸಿಗೆಯಲ್ಲೂ ನೀರು ಬಿಡದೆ ಹೋದರೆ ಅದಕ್ಕೆ ಅರ್ಥವೇ ಇಲ್ಲ. ಬೇರೆಬೇರೆಯಾಗಿ ನಡೆಸಿದರೆ ಸಿಗದ ಫಲವು ಒಟ್ಟಿಗೆ ನಡೆಸಿದಾಗ ಸಿಗುತ್ತದೆ ಎಂದು ನಿಮ್ಮ ಪಠ್ಯದಲ್ಲಿ ಪ್ರೋಗ್ರಾಮಿನ ವ್ಯಾಖ್ಯೆ ಇರುತ್ತದಲ್ಲ, ಅದರ ಅರ್ಥ ಇದು. ಇನ್ನೊಂದನ್ನೂ ಗಮನಿಸಿ. ಪ್ರಾಜೆಕ್ಟಿನ ನಕ್ಷೆ ಮೊದಲೇ ಗಟ್ಟಿಯಾಗಿರುತ್ತದೆ, ನಡುವೆ ಬದಲಾದರೆ ಖರ್ಚು ಏರುತ್ತದೆ. ಪ್ರೋಗ್ರಾಂ ಮಾತ್ರ ನಡೆಯುತ್ತ ನಡೆಯುತ್ತ ಹೊಸ ಪ್ರಾಜೆಕ್ಟುಗಳನ್ನು ಸೇರಿಸಿಕೊಳ್ಳಬಹುದು, ಬೇಡವಾದದ್ದನ್ನು ಕೈಬಿಡಬಹುದು.

ಹಾಗಾದರೆ ಪ್ರೋಗ್ರಾಂ ಮ್ಯಾನೇಜರ್ ದಿನವಿಡೀ ಮಾಡುವುದೇನು? ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ಮಲೆನಾಡಿನ ಒಂದು ಹಳ್ಳಿಯ ನಲ್ಲಿಯ ಮುಂದೆ ನಿಂತು ಕಲಿತೆ. ಕುಡಿಯುವ ನೀರಿನ ಕೆಲಸ. ಕೊಳವೆಬಾವಿ ಒಬ್ಬರಿಗೆ, ಮೇಲ್ತೊಟ್ಟಿ ಒಬ್ಬರಿಗೆ, ಪೈಪ್‌ಲೈನ್ ಮತ್ತೊಬ್ಬರಿಗೆ, ವಿದ್ಯುತ್ ಸಂಪರ್ಕ ನಾಲ್ಕನೆಯವರಿಗೆ ಗುತ್ತಿಗೆಯಾಗಿತ್ತು. ನಾಲ್ಕೂ ಕಡತಗಳಲ್ಲಿ ‘ಪೂರ್ಣ’ ಎಂಬ ಷರಾ ಬಿದ್ದಿತ್ತು. ನಲ್ಲಿ ತಿರುಗಿಸಿದೆವು. ಸುಸ್ ಎಂದು ಗಾಳಿ ಬಂತು, ನೀರು ಬರಲಿಲ್ಲ. ಹುಡುಕುತ್ತಾ ಹೋದರೆ, ತೊಟ್ಟಿಯಿಂದ ಹೊರಬರುವ ಕೊಳವೆಯ ಅಳತೆ ಒಂದು, ಕೆಳಗೆ ಹೂತ ಪೈಪಿನ ಅಳತೆ ಇನ್ನೊಂದು. ಇಬ್ಬರೂ ತಮ್ಮ ತಮ್ಮ ಕರಾರಿನ ಪ್ರಕಾರ ನೂರಕ್ಕೆ ನೂರು ಸರಿ. ನಡುವೆ ಕೂರಿಸಬೇಕಾಗಿದ್ದ ರೆಡ್ಯೂಸರ್ ಎಂಬ ಒಂದು ಸಣ್ಣ ಜೋಡಣೆ ಯಾರ ಕರಾರಿನಲ್ಲೂ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ವಸ್ತು ಅದು. ಯಾರು ತರಬೇಕು, ಯಾವ ಲೆಕ್ಕಕ್ಕೆ ಬರೆಯಬೇಕು ಎಂದು ತೀರ್ಮಾನವಾಗಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನವೂ ಹೆಂಗಸರು ಕೊಡ ಹಿಡಿದು ಹಳೆಯ ಬಾವಿಗೇ ಇಳಿದರು.

ಅಲ್ಲಿ ನಾಲ್ವರು ಪ್ರಾಜೆಕ್ಟ್ ಮ್ಯಾನೇಜರುಗಳಿದ್ದರು, ಪ್ರೋಗ್ರಾಂ ಮ್ಯಾನೇಜರ್ ಇರಲಿಲ್ಲ. ಇದ್ದಿದ್ದರೆ ಅವರ ಮೇಜಿನ ಮೇಲೆ ಒಂದು ಪಟ್ಟಿ ಇರುತ್ತಿತ್ತು: ಯಾವ ಕೆಲಸವು ಯಾವ ಕೆಲಸದಿಂದ ಏನನ್ನು, ಯಾವ ಅಳತೆಯಲ್ಲಿ, ಯಾವ ತಾರೀಖಿಗೆ ಪಡೆಯಬೇಕು, ಆ ಸಂದಿಗೆ ಹೊಣೆ ಯಾರು. ಪ್ರಾಜೆಕ್ಟುಗಳ ಒಳಗೆ ಕೈಹಾಕುವುದು ಅವರ ಕೆಲಸವಲ್ಲ. ಪ್ರಾಜೆಕ್ಟುಗಳ ನಡುವಿನ ಜಾಗ ಅವರದು. ಮುಂದೆ ಎಲ್ಲಿಯಾದರೂ ಇಂಟರ್ನ್‌ಶಿಪ್‌ಗೆ ಹೋದಾಗ ಈ ರೋಗವನ್ನು ನೀವೇ ಗುರುತಿಸಬಹುದು. ವರದಿಯಲ್ಲಿ ಬಿಡಿ ಕೆಲಸಗಳೆಲ್ಲ ಹಸಿರು ಬಣ್ಣದಲ್ಲಿದ್ದು, ಯಾರಿಗಾಗಿ ಕೆಲಸ ನಡೆಯಿತೋ ಅವರು ಮಾತ್ರ ಇನ್ನೂ ಕಾಯುತ್ತಿದ್ದರೆ, ಪ್ರೋಗ್ರಾಂ ಎಂದು ಹೆಸರಿಟ್ಟು ಪ್ರಾಜೆಕ್ಟುಗಳ ಕಂತೆಯನ್ನು ನಡೆಸುತ್ತಿದ್ದಾರೆ ಎಂದರ್ಥ.

ಶರಾವತಿಗೆ ಮರಳುತ್ತೇನೆ, ಏಕೆಂದರೆ ಒಂದು ಮಾತು ಬಾಕಿ ಇದೆ. ಪ್ರೋಗ್ರಾಮನ್ನು ಫಲದಿಂದ ಅಳೆಯುವುದಾದರೆ ಕಹಿ ಫಲವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ಈ ವಿಷಯವನ್ನು ಓದಿದವರು ಅದಕ್ಕೆ ಡಿಸ್‌ಬೆನಿಫಿಟ್ ಎನ್ನುತ್ತಾರೆ. ನಾಡಿಗೆ ಬೆಳಕು ಬಂತು. ಅದೇ ನೀರಿನಿಂದ ಮುಳುಗಡೆಯ ಊರುಗಳ ಜನ ಎದ್ದು ಹೋದರು, ನಿಮ್ಮ ಹಿರಿಯರು ಸಾಗರದಿಂದ ಕಡಿದುಹೋಗಿ ಲಾಂಚನ್ನು ನಂಬಿ ಬದುಕಿದರು. ಸಂತ್ರಸ್ತರಲ್ಲಿ ಅನೇಕರಿಗೆ ತಾವು ಉಳುತ್ತಿರುವ ಜಮೀನಿನ ಹಕ್ಕುಪತ್ರದ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ಅಣೆಕಟ್ಟು ಎಂಬ ಪ್ರಾಜೆಕ್ಟ್ 1964ರಲ್ಲಿ ಮುಗಿಯಿತು, ಸರಿ. ಪುನರ್ವಸತಿಯನ್ನೂ ಒಳಗೊಂಡ ಪ್ರೋಗ್ರಾಂ ಎಂದು ಲೆಕ್ಕ ಹಿಡಿದರೆ ಅದು ಮುಗಿದಿಲ್ಲ. 2025ರ ನಿಮ್ಮ ಸೇತುವೆ ಆ ಹಳೆಯ ಲೆಕ್ಕದ ಒಂದು ಬಾಕಿ ಕಂತು ಎಂದೇ ನಾನು ಭಾವಿಸುತ್ತೇನೆ. ಪ್ರೋಗ್ರಾಮಿನ ಗಡಿಯನ್ನು ಎಲ್ಲಿ ಎಳೆಯುತ್ತೇವೆ ಎಂಬುದು ಬರೀ ತಾಂತ್ರಿಕ ಪ್ರಶ್ನೆಯಲ್ಲ. ಗಡಿಯ ಹೊರಗೆ ಬಿಟ್ಟದ್ದಕ್ಕೆ ಹೊಣೆಗಾರರೇ ಇರುವುದಿಲ್ಲ.

ಇನ್ನು ಪೋರ್ಟ್‌ಫೋಲಿಯೊ. ಇಲ್ಲಿ ಪ್ರಶ್ನೆಯೇ ಬೇರೆ. ಪ್ರಾಜೆಕ್ಟಿನಲ್ಲಿ ‘ಇದನ್ನು ಸರಿಯಾಗಿ ಮಾಡುತ್ತಿದ್ದೇವೆಯೇ’ ಎಂದು ಕೇಳುತ್ತೇವೆ. ಪ್ರೋಗ್ರಾಮಿನಲ್ಲಿ ‘ಇವೆಲ್ಲ ಕೂಡಿ ಬಯಸಿದ ಫಲ ಕೊಡುತ್ತವೆಯೇ’ ಎಂದು. ಪೋರ್ಟ್‌ಫೋಲಿಯೊದಲ್ಲಿ ಕೇಳುವುದು ಇಷ್ಟು: ಕೈಯಲ್ಲಿರುವ ಹಣ, ಜನ, ನೀರು, ಜಾಗ ಇಷ್ಟೇ ಇರುವಾಗ, ಮಾಡಬಹುದಾದ ಇಷ್ಟೆಲ್ಲ ಕೆಲಸಗಳಲ್ಲಿ ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು, ನಡೆಯುತ್ತಿರುವ ಯಾವುದನ್ನು ನಿಲ್ಲಿಸಬೇಕು? ಪೋರ್ಟ್‌ಫೋಲಿಯೊದೊಳಗಿನ ಕೆಲಸಗಳು ಒಂದಕ್ಕೊಂದು ಸಂಬಂಧಪಟ್ಟಿರಬೇಕೆಂದೇನೂ ಇಲ್ಲ. ಅವು ಒಂದೇ ಜೇಬಿನಿಂದ ಹಣ ಪಡೆಯುತ್ತವೆ, ಒಂದೇ ಸಂಸ್ಥೆಯ ಗುರಿಗೆ ದುಡಿಯುತ್ತವೆ, ಅಷ್ಟೇ. ಪ್ರಾಜೆಕ್ಟು, ಪ್ರೋಗ್ರಾಮುಗಳ ಜೊತೆಗೆ ದಿನನಿತ್ಯ ನಡೆಯುವ ಕಾರ್ಯಾಚರಣೆಯೂ ಅದರೊಳಗೇ ಬರುತ್ತದೆ. ಹಾಗಾಗಿ ಪೋರ್ಟ್‌ಫೋಲಿಯೊಗೆ ಮುಗಿಯುವ ದಿನ ಎಂಬುದಿಲ್ಲ. ಸಂಸ್ಥೆ ಇರುವವರೆಗೆ ಅದು ಇರುತ್ತದೆ, ಒಳಗಿರುವ ಕೆಲಸಗಳು ಮಾತ್ರ ಬದಲಾಗುತ್ತವೆ.

ನಮ್ಮ ರಾಜ್ಯದ ವಿದ್ಯುತ್ತಿನ ಚರಿತ್ರೆಯಲ್ಲಿ ಇದಕ್ಕೆ ಒಂದು ದೊಡ್ಡ ಪಾಠವಿದೆ. 1948ರಲ್ಲಿ ಜೋಗದ ವಿದ್ಯುದಾಗಾರ, ಆಮೇಲೆ ಶರಾವತಿ, ಆಮೇಲೆ ಕಾಳಿ. ಬಿಡಿಬಿಡಿಯಾಗಿ ನೋಡಿದರೆ ಒಂದಕ್ಕಿಂತ ಒಂದು ಒಳ್ಳೆಯ ಕೆಲಸ. ಆದರೆ ಎಲ್ಲವೂ ನಂಬಿದ್ದು ಒಂದೇ ಮಳೆಗಾಲವನ್ನು. ಘಟ್ಟದ ಮೇಲೆ ಮಳೆ ಕೈಕೊಟ್ಟ ವರ್ಷ ಎಲ್ಲ ಜಲಾಶಯಗಳೂ ಒಟ್ಟಿಗೆ ಇಳಿಯುತ್ತಿದ್ದವು, ರಾಜ್ಯಕ್ಕೆಲ್ಲ ವಿದ್ಯುತ್ ಕಡಿತ ಬರುತ್ತಿತ್ತು. ಯಾವ ಪ್ರಾಜೆಕ್ಟ್ ಮ್ಯಾನೇಜರನೂ ತಪ್ಪು ಮಾಡಿರಲಿಲ್ಲ. ತಪ್ಪು ಇದ್ದದ್ದು ಒಟ್ಟು ಬುಟ್ಟಿಯ ತೂಕದಲ್ಲಿ. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾದಾಗ ಆ ತೂಕ ಸರಿಹೋಗತೊಡಗಿತು. ಶರಾವತಿಯ ಮುಂದೆ ಇಟ್ಟು ನೋಡಿದರೆ ಕಲ್ಲಿದ್ದಲಿನ ವಿದ್ಯುತ್ತು ದುಬಾರಿ, ಹೊಗೆಯದ್ದು. ಒಂಟಿಯಾಗಿ ನೋಡಿದವರು ಬೇಡವೆನ್ನಬಹುದಿತ್ತು. ಮಳೆಯನ್ನು ನಂಬದ ಒಂದು ಮೂಲ ಬುಟ್ಟಿಯಲ್ಲಿರಲಿ ಎನ್ನುವುದು ಪೋರ್ಟ್‌ಫೋಲಿಯೊ ಕಣ್ಣಿಗೆ ಮಾತ್ರ ಕಾಣುವ ಕಾರಣ. ಬಿಡಿ ಕೆಲಸಗಳ ಗುಣವನ್ನು ಕೂಡಿಸುತ್ತಾ ಹೋದರೆ ಒಟ್ಟಿನ ಗುಣ ಸಿಗುವುದಿಲ್ಲ, ಅವು ಒಟ್ಟಿಗೆ ಸೋಲುವ ಸಂದರ್ಭ ಯಾವುದು ಎಂದು ಹುಡುಕಬೇಕು.

ಪೋರ್ಟ್‌ಫೋಲಿಯೊ ತೀರ್ಮಾನ ಎಷ್ಟು ಕಠಿಣವಾಗಿರಬಲ್ಲದು ಎಂಬುದನ್ನು ಕಣ್ಣಾರೆ ಕಾಣಬೇಕೆಂದರೆ ಮಳೆ ತಡವಾದ ವರ್ಷದ ಬೇಸಿಗೆಯ ಕೊನೆಯಲ್ಲಿ ಮಡೆನೂರಿನ ಕಡೆಗೆ ಹೋಗಿ. ಹಿನ್ನೀರು ಇಳಿದಾಗ ಅಲ್ಲಿ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೇಳುತ್ತದೆ. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲೆಂದು ಕಟ್ಟಿದ್ದು. ಹೆಚ್ಚಾದ ನೀರನ್ನು ಹೊರಬಿಡಲು ಕಟ್ಟಿದ, ಬಾವಿಯಂತೆ ದುಂಡಗಿರುವ ಅದರ ಸೈಫನ್‌ಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಹಾಳಾದದ್ದಕ್ಕೆ ಅದನ್ನು ಬಿಟ್ಟದ್ದಲ್ಲ, ಕೆಳಗೆ ಲಿಂಗನಮಕ್ಕಿ ಬಂದದ್ದಕ್ಕೆ ಅದು ಮುಳುಗಿತು. ಪ್ರಾಜೆಕ್ಟಿನ ಅಳತೆಗೋಲಿನಲ್ಲಿ ಹಿರೇಭಾಸ್ಕರಕ್ಕೆ ಯಾವ ಕೊರತೆಯೂ ಇರಲಿಲ್ಲ. ಅದರ ಹೊಣೆ ಹೊತ್ತ ಎಂಜಿನಿಯರ್ ಅದನ್ನು ಮುಳುಗಿಸಿ ಎಂದು ಎಂದಿಗೂ ಹೇಳಲಾರ. ಇಡೀ ನದಿಯಿಂದ ಏನು ಪಡೆಯಬೇಕು ಎಂದು ಮೇಲಿನಿಂದ ನೋಡಿದವರು ಮಾತ್ರ ಆ ಮಾತನ್ನು ಹೇಳಬಲ್ಲರು. ಚೆನ್ನಾಗಿ ನಡೆಯುತ್ತಿರುವುದನ್ನೂ ಬಿಟ್ಟುಕೊಡುವ ಅಧಿಕಾರ ಇರುವುದು ಆ ಮಟ್ಟದಲ್ಲಿ.

ಈಗ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಪ್ರಸ್ತಾವದ ಬಗ್ಗೆ ಚರ್ಚೆ ನಡೆದಿರುವುದು ನಿಮಗೆ ಗೊತ್ತಿರಬೇಕು. ಪಾವಗಡದಂಥ ಕಡೆ ಹಗಲು ಹುಟ್ಟುವ ಸೌರ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ, ಸಂಜೆಯ ಬೇಡಿಕೆಗೆ ಕೆಳಗಿಳಿಸುವುದು ಅದರ ಆಲೋಚನೆ. ಸಿಂಗಳೀಕಗಳ ಕಾಡಿಗೆ ಪೆಟ್ಟು ಬೀಳುತ್ತದೆ ಎಂಬುದು ವಿರೋಧಿಸುವವರ ಆತಂಕ. ಸುರಂಗವನ್ನು ಎಷ್ಟು ತಿಂಗಳಲ್ಲಿ ಕೊರೆಯಬಹುದು ಎಂಬುದು ಪ್ರಾಜೆಕ್ಟಿನ ಪ್ರಶ್ನೆ, ಅದಕ್ಕೆ ಎಂಜಿನಿಯರ್ ಉತ್ತರಿಸಬಲ್ಲ. ಸಂಜೆಯ ಬೇಡಿಕೆಯನ್ನು ಬೇರೆ ದಾರಿಯಿಂದ ತುಂಬಬಹುದೇ, ತುಂಬಬಹುದಾದರೆ ಈ ಕಾಡನ್ನು ಏಕೆ ಮುಟ್ಟಬೇಕು ಎಂಬುದು ಪೋರ್ಟ್‌ಫೋಲಿಯೊ ಪ್ರಶ್ನೆ. ಅದನ್ನು ಪ್ರಾಜೆಕ್ಟ್ ಕಚೇರಿಗೆ ಒಯ್ದು ಕೇಳಿದರೆ ಉತ್ತರ ಸಿಗುವುದಿಲ್ಲ. ಅಲ್ಲಿ ಕುಳಿತವರ ಕೆಲಸವೇ ಇದೊಂದನ್ನು ಮಾಡಿ ಮುಗಿಸುವುದು.

ಒಂದು ಎಚ್ಚರಿಕೆ. ಈ ಮೂರು ಹೆಸರುಗಳು ವಸ್ತುವಿನ ಹಣೆಯ ಮೇಲೆ ಬರೆದಿರುವುದಿಲ್ಲ, ಯಾರು ಎಲ್ಲಿ ಕುಳಿತು ನೋಡುತ್ತಾರೆ ಎಂಬುದರಿಂದ ಬದಲಾಗುತ್ತವೆ. ನಿಮ್ಮ ಸೇತುವೆ ಸೈಟ್ ಎಂಜಿನಿಯರನಿಗೆ ಪ್ರಾಜೆಕ್ಟ್. ಕಟ್ಟಿದ ಕಂಪನಿಯ ಮಾಲೀಕರಿಗೆ ಅದು ಹತ್ತಾರು ಊರುಗಳಲ್ಲಿ ನಡೆಯುವ ತಮ್ಮ ಗುತ್ತಿಗೆಗಳ ಪೋರ್ಟ್‌ಫೋಲಿಯೊದಲ್ಲಿ ಒಂದು ಸಾಲು. ಪರೀಕ್ಷೆಯಲ್ಲಿ ಬರೆಯುವಾಗ ‘ಯಾರ ದೃಷ್ಟಿಯಿಂದ’ ಎಂದು ಮೊದಲ ವಾಕ್ಯದಲ್ಲೇ ಹೇಳಿಬಿಡಿ. ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ಮುಂದಿನ ತರಗತಿಯಲ್ಲಿ ಲಾಂಚ್ ಇವುಗಳಲ್ಲಿ ಯಾವುದು ಎಂದು ನಿಮ್ಮನ್ನು ಯಾರಾದರೂ ಕೇಳಬಹುದು. ದಿನವೂ ಅದೇ ದಡದಿಂದ ಅದೇ ದಡಕ್ಕೆ ಜನರನ್ನೂ ಬಸ್ಸನ್ನೂ ದಾಟಿಸಿದ ಆ ಸೇವೆ ಪ್ರಾಜೆಕ್ಟೂ ಅಲ್ಲ, ಪ್ರೋಗ್ರಾಮೂ ಅಲ್ಲ, ಅದು ಕಾರ್ಯಾಚರಣೆ. ಸೇತುವೆ ಬಂದ ಮೇಲೆ ಆ ಲಾಂಚನ್ನು ಅಲ್ಲಿಯೇ ಇಡಬೇಕೇ, ಸೇತುವೆ ಇಲ್ಲದ ಹಿನ್ನೀರಿನ ಇನ್ನೊಂದು ದಡಕ್ಕೆ ಕಳಿಸಬೇಕೇ ಎಂದು ತೀರ್ಮಾನಿಸುವುದು ಪೋರ್ಟ್‌ಫೋಲಿಯೊ ಕೆಲಸ. ಕಳಿಸುವುದೇ ಆದರೆ ಅಲ್ಲಿ ಹೊಸ ಕಟ್ಟೆ ಕಟ್ಟಿಸುವುದು ಒಂದು ಪುಟ್ಟ ಪ್ರಾಜೆಕ್ಟ್.